ಅರ್ಧ ವೃತ್ತ ಸಮುದ್ರದಲ್ಲಿ: ನನ್ನ ಪಾರ್ಲರಿನ ಮೊದಲ ಜಾಹೀರಾತು

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಎರಡು ಕುರ್ಚಿ, ಒಂದು ಫೇಶಿಯಲ್ ಬೆಡ್, ನಾನು, ಜೊತೆಗೆ ಕೆಲಸ ಕಲಿತ ಒಬ್ಬಳು ಹುಡುಗಿ. ಒಂಬತ್ತು ವರ್ಷದಿಂದ ಬಂದ ಗಿರಾಕಿಗಳೆಲ್ಲ ಒಬ್ಬರಿಗೊಬ್ಬರು ಹೇಳಿ ಬಂದವರೇ. ಭಾನುವಾರ ಕೂರಲು ಜಾಗ ಇರುವುದಿಲ್ಲ. ಮಂಗಳವಾರ ಮಧ್ಯಾಹ್ನ ಬಂದರೆ ನಾವಿಬ್ಬರೂ ಕನ್ನಡಿ ಒರೆಸುತ್ತಾ ಇರುತ್ತೇವೆ.

ಆಟಿ ತಿಂಗಳು ಬಂತೆಂದರೆ ಭಾನುವಾರವೂ ಅಷ್ಟಕ್ಕಷ್ಟೇ. ಮದುವೆ ಇಲ್ಲ, ಮೆಹಂದಿ ಇಲ್ಲ, ಹೊರಗೆ ಬಿಡದ ಮಳೆ. ಈ ಸಲದ ಆಟಿಯಲ್ಲಿ ಹಾಗೆ ಕೂತಿದ್ದಾಗಲೇ ಇನ್‌ಸ್ಟಾಗ್ರಾಮಿನಲ್ಲಿ ನನ್ನದೇ ಒಂದು ಹೇರ್ ಸ್ಪಾ ಫೋಟೋದ ಕೆಳಗಿದ್ದ Boost post ಒತ್ತಿದೆ. ದುಡ್ಡು ಕೊಟ್ಟು ಜಾಹೀರಾತು ಹಾಕಿದ್ದು ಅದೇ ಮೊದಲು.

ಕೇಳಿದ್ದಕ್ಕೆಲ್ಲ ನನಗೆ ತೋಚಿದ ಉತ್ತರ ಕೊಟ್ಟೆ. ಏನು ಬೇಕು? ವಾಟ್ಸಾಪಿಗೆ ಮೆಸೇಜ್ ಬರಬೇಕು. ಯಾರಿಗೆ ತೋರಿಸಬೇಕು? ಎಲ್ಲರಿಗೂ, ಗಂಡಸರು ಹೆಂಗಸರು ಇಬ್ಬರಿಗೂ, 18ರಿಂದ 65 ವರ್ಷದವರೆಗೆ. ಹೆಚ್ಚು ಜನ ನೋಡಿದರೆ ಒಳ್ಳೆಯದೇ ಅಲ್ವಾ ಅಂತ ನನ್ನ ಲೆಕ್ಕ. ಎಲ್ಲಿಯವರೆಗೆ? ನಕ್ಷೆಯ ಮೇಲೊಂದು ವೃತ್ತ ಬಂತು. ಬೆರಳಲ್ಲಿ ಎಳೆದು 40 ಕಿಲೋಮೀಟರ್ ಮಾಡಿದೆ. ದಿನಕ್ಕೆ 500 ರೂಪಾಯಿ, ನಾಲ್ಕು ದಿನ. 2000 ರೂಪಾಯಿ ಅಂದುಕೊಂಡಿದ್ದೆ, ಅದರ ಮೇಲೆ 18% ಜಿಎಸ್‌ಟಿ ಸೇರಿ 2360 ಆಯಿತು.

ಮೆಸೇಜ್ ಬಂದದ್ದು 57. ಒಂದು ಮೆಸೇಜಿಗೆ 35 ರೂಪಾಯಿ ಬಿತ್ತು. ಮೊದಲ ರಾತ್ರಿ ಫೋನ್ ಟಣ್ ಟಣ್ ಅನ್ನುವಾಗ ನನಗೆ ಖುಷಿಯೋ ಖುಷಿ. ನಾಲ್ಕು ದಿನ ಕಳೆದಾಗ ಕುರ್ಚಿಯಲ್ಲಿ ಬಂದು ಕೂತವರು ಒಬ್ಬರು.

ಭಾನುವಾರ ಅಕ್ಕನ ಮಗ ಊಟಕ್ಕೆ ಬಂದಿದ್ದ. ಅವನು ಬಟ್ಟೆ ಅಂಗಡಿಯೊಂದರ ಜಾಹೀರಾತು ನೋಡಿಕೊಳ್ಳುತ್ತಾನೆ. ಫೋನ್ ತೆಗೆದುಕೊಂಡವನು ನಕ್ಷೆ ನೋಡಿ ನಗಲು ಶುರು ಮಾಡಿದ.

"ಚಿಕ್ಕಮ್ಮ, ಅರ್ಧ ಸರ್ಕಲ್ ಅರಬ್ಬಿ ಸಮುದ್ರದಲ್ಲಿ ಉಂಟಲ್ಲ. ಬಂಗುಡೆಗೆ ಹೇರ್ ಸ್ಪಾ ಮಾಡ್ತೀರಾ?"

ಸಮುದ್ರದಲ್ಲಿ ಬಿದ್ದ ಅರ್ಧದಿಂದ ನಷ್ಟ ಏನಿಲ್ಲ, ಅಲ್ಲಿ ನೋಡುವವರೇ ಇಲ್ಲ. ತೊಂದರೆ ಇದ್ದದ್ದು ಉಳಿದ ಅರ್ಧದಲ್ಲಿ. ಅದರೊಳಗೆ ಕುಂದಾಪುರ ಇತ್ತು, ಕಾರ್ಕಳ ಇತ್ತು, ಮೂಲ್ಕಿಯೂ ಇತ್ತು. ಒಂದು ಹೇರ್ ಸ್ಪಾಕ್ಕೋಸ್ಕರ ಜಡಿಮಳೆಯಲ್ಲಿ ಎರಡು ಬಸ್ ಹತ್ತಿ ಯಾರು ಬರುತ್ತಾರೆ?

ಅವನು ಹೇಳಿದಂತೆ 57 ಮೆಸೇಜನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಇಡೀ ವ್ಯವಹಾರದಲ್ಲಿ ನನಗೆ ತುಂಬಾ ಕಲಿಸಿದ್ದು ಆ ಒಂದು ಪುಟ. 19 ಗಂಡಸರು. ಅದರಲ್ಲಿ ಕೆಲವರು ಪಾಪ ಕಟಿಂಗ್ ಉಂಟಾ ಅಂತ ಕೇಳಿದವರು, ಉಳಿದವರು ರಾತ್ರಿ ಹನ್ನೊಂದರ ಮೇಲೆ ಮಸಾಜ್ ಉಂಟಾ ಅಂತ ಕೇಳಿದವರು. ಪಾರ್ಲರ್ ನಡೆಸುವ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 14 ಜನ ದೂರದ ಊರಿನವರು. 9 ಜನ ಗಿರಾಕಿಗಳೇ ಅಲ್ಲ: ಕೋರ್ಸ್ ಕಲಿಸ್ತೀರಾ ಅಂತ ಕೇಳಿದವರು, ಶಾಂಪೂ ಕ್ರೀಮ್ ಮಾರಲು ಬಂದವರು. 11 ಜನ ಹತ್ತಿರದ ಹೆಂಗಸರು, ರೇಟ್ ಕೇಳಿ ಸುಮ್ಮನಾದರು. ನಾಲ್ವರು ದಿನ ಗೊತ್ತು ಮಾಡಿದರು. ಬಂದವರು ಒಬ್ಬರು.

"35 ರೂಪಾಯಿಗೆ ಒಂದು ಮೆಸೇಜ್ ಅಂದ್ರೆ ತುಂಬಾ ಕಮ್ಮಿ ಅಲ್ವಾ?" ಅಂತ ಕೇಳಿದೆ.

"ಕಮ್ಮಿ ಆದದ್ದೇ ಅದಕ್ಕೆ ಚಿಕ್ಕಮ್ಮ. ಮೆಸೇಜ್ ಬೇಕು ಅಂದ್ರಿ, ಯಾರು ಬೇಗ ಮೆಸೇಜ್ ಮಾಡ್ತಾರೋ ಅವರನ್ನು ಹುಡುಕಿ ಕೊಟ್ಟಿತು. ಅವರು ಬರ್ತಾರಾ ಇಲ್ವಾ ಅಂತ ಅದಕ್ಕೆ ಗೊತ್ತಿಲ್ಲ."

ಅವನ ಮಾತು ಸರಿ ಅನ್ನಿಸಿತು. ಜಾಹೀರಾತು ನಾನು ಬಿಟ್ಟ ವೃತ್ತದೊಳಗೆ ಸುಲಭವಾಗಿ ಗುಂಡಿ ಒತ್ತುವವರ ಕಡೆಗೇ ಹರಿಯುತ್ತದೆ. ಬಾಗಿಲು ಅಗಲ ತೆರೆದಿಟ್ಟವಳು ನಾನೇ.

ಎರಡನೆಯ ಸಲಕ್ಕೆ ದಿನಕ್ಕೆ ಎಷ್ಟು ಅನ್ನುವುದನ್ನು ಉಲ್ಟಾ ಕಡೆಯಿಂದ ಲೆಕ್ಕ ಹಾಕಿದೆವು. ಕೈಯಲ್ಲಿ ಎಷ್ಟಿದೆ ಅಂತಲ್ಲ, ಕುರ್ಚಿ ಎಷ್ಟು ಖಾಲಿ ಇದೆ ಅಂತ. ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ ಎರಡು ಹೇರ್ ಸ್ಪಾ ಆರಾಮಾಗಿ ಹಿಡಿಯುತ್ತದೆ, ಒಂದಕ್ಕೆ ಒಂದು ಗಂಟೆ ಬೇಕು. ವಾರಕ್ಕೆ ಎಂಟು, ಎರಡು ವಾರಕ್ಕೆ 16. ಅದರಲ್ಲಿ ಅರ್ಧ, ಅಂದರೆ ಎಂಟು ಹೊಸಬರು ಬಂದರೆ ಸಾಕು ಅಂದುಕೊಂಡೆ. ಹಳಬರಿಗೂ ಜಾಗ ಬೇಕಲ್ಲ.

ನೋಟ್‌ಬುಕ್ಕಿನ ಪ್ರಕಾರ ಹತ್ತಿರದ 15 ಹೆಂಗಸರಲ್ಲಿ ನಾಲ್ವರು ದಿನ ಗೊತ್ತು ಮಾಡಿದ್ದರು. ಹೆಚ್ಚುಕಡಿಮೆ ನಾಲ್ಕಕ್ಕೆ ಒಬ್ಬರು. ಗೊತ್ತು ಮಾಡಿದ ಎಲ್ಲರೂ ಬರುವುದಿಲ್ಲ. ಬೆಲೆ ಮೊದಲೇ ಹಾಕಿ, ಸರಿಯಾಗಿ ಉತ್ತರ ಕೊಟ್ಟರೆ ಐದು ಮೆಸೇಜಿಗೆ ಒಬ್ಬರು ಬಂದಾರು ಅಂತ ಇಟ್ಟುಕೊಂಡೆವು. ಎಂಟು ಜನಕ್ಕೆ 40 ಮೆಸೇಜ್. ಸಣ್ಣ ಜಾಗ, ಬರೀ ಹೆಂಗಸರು ಅಂದಾಗ ಮೆಸೇಜಿನ ಖರ್ಚು ಏರಿಯೇ ಏರುತ್ತದೆ ಅಂತ ಅವನು ಮೊದಲೇ ಹೇಳಿದ್ದ. ಒಂದಕ್ಕೆ 80 ರೂಪಾಯಿ ಹಿಡಿದರೆ 3200. ಎರಡು ವಾರಕ್ಕೆ ಹಂಚಿದರೆ ದಿನಕ್ಕೆ 228 ಚಿಲ್ಲರೆ. 250 ಅಂತ ಗಟ್ಟಿ ಮಾಡಿದೆವು.

ಇನ್ನೊಂದು ಕಡೆಯಿಂದಲೂ ತಾಳೆ ನೋಡಿದೆ. ನನ್ನ ಹೇರ್ ಸ್ಪಾಕ್ಕೆ 900 ರೂಪಾಯಿ. ಕ್ರೀಮ್, ಶಾಂಪೂ, ಟವೆಲ್ ಒಗೆಯುವುದು ಎಲ್ಲ ಸೇರಿ 250 ಹೋಗುತ್ತದೆ. ಉಳಿಯುವುದು 650. ಒಬ್ಬ ಹೊಸ ಗಿರಾಕಿಯನ್ನು ಕರೆತರಲು ಅದಕ್ಕಿಂತ ಜಾಸ್ತಿ ಖರ್ಚಾದರೆ ಮೊದಲ ಸಲಕ್ಕೇ ಕೈಯಿಂದ ಹೋಯಿತು. ಮೊದಲ ಸಲ ನನಗೆ ಬಂದ ಆ ಒಬ್ಬರಿಗೆ ಖರ್ಚಾದದ್ದು 2360 ಅಂತ ನೆನಪಿರಲಿ. ಅವರು ಐಬ್ರೋ ಮಾಡಿಸಿಕೊಂಡು ಹೋದರು.

ಜಾಹೀರಾತಿನಲ್ಲಿ ಹೇರ್ ಸ್ಪಾ ಒಂದನ್ನೇ ಹಾಕಿದ್ದಕ್ಕೂ ಇದೇ ಕಾರಣ. ಐಬ್ರೋ ಹಾಕಿದ್ದರೆ ಜನ ಹೆಚ್ಚು ಬರುತ್ತಿದ್ದರೇನೋ, ಆದರೆ ಐಬ್ರೋ ದುಡ್ಡಲ್ಲಿ ಜಾಹೀರಾತಿನ ಖರ್ಚು ಹುಟ್ಟುವುದಿಲ್ಲ.

ಮುಂದಿನ ಪ್ರಶ್ನೆ ಯಾರಿಗೆ ತೋರಿಸಬೇಕು ಅನ್ನುವುದು. ಇದಕ್ಕೆ ಒಂದು ಇಡೀ ಸಂಜೆ ಹೋಯಿತು. ಈ ಸಲ ಫೋನಿನ ಗುಂಡಿ ಬಿಟ್ಟು ಲ್ಯಾಪ್‌ಟಾಪಿನಲ್ಲಿ Ads Manager ತೆರೆದೆವು. ಊರಿನ ಹೆಸರು ಟೈಪ್ ಮಾಡದೆ, ನಕ್ಷೆಯಲ್ಲಿ ಪಾರ್ಲರ್ ಇರುವ ಜಾಗಕ್ಕೇ ಒಂದು ಪಿನ್ ಹಾಕಿದೆವು. ಊರಿನ ಹೆಸರು ಹಾಕಿದರೆ ಸುತ್ತ ದೊಡ್ಡ ವೃತ್ತ ತಾನಾಗಿ ಬರುತ್ತದೆ, ಅದನ್ನು ಬೇಕಾದಷ್ಟು ಕುಗ್ಗಿಸಲು ಬಿಡುವುದಿಲ್ಲ. ಪಿನ್ ಹಾಕಿದರೆ ಒಂದೂವರೆ ಕಿಲೋಮೀಟರ್ ಆಸುಪಾಸಿಗೂ ಇಳಿಸಬಹುದು. ನಾವು 5 ಕಿಲೋಮೀಟರ್ ಇಟ್ಟೆವು. ಉಡುಪಿ ಪೇಟೆ, ಇಂದ್ರಾಳಿ, ಅಂಬಲಪಾಡಿ, ಮಣಿಪಾಲ ಎಲ್ಲ ಒಳಗೆ ಬಂತು.

ಮಣಿಪಾಲದ ಮೇಲೆ ನಮ್ಮಿಬ್ಬರಿಗೂ ಜಗಳವೇ ಆಯಿತು. ಅಲ್ಲಿ ಕಾಲೇಜು ಹುಡುಗಿಯರು ಸಾವಿರಗಟ್ಟಲೆ ಇದ್ದಾರೆ, ಅವರೇ ಇನ್‌ಸ್ಟಾಗ್ರಾಮ್ ನೋಡುವವರು ಅಂತ ಅವನ ವಾದ. ನೋಡುತ್ತಾರೆ ನಿಜ. ಆದರೆ ಆ ಮಕ್ಕಳಿಗೆ ಹಾಸ್ಟೆಲಿನ ಪಕ್ಕದಲ್ಲೇ ಅಂಗಡಿಗಳಿವೆ, ರಜೆ ಬಂದ ಕೂಡಲೇ ಊರಿಗೆ ಹೋಗುತ್ತಾರೆ, ಓದು ಮುಗಿದ ಮೇಲೆ ಕಾಣುವುದೇ ಇಲ್ಲ. ನನಗೆ ಬೇಕಾದವರು ತಿಂಗಳಿಗೊಮ್ಮೆ ಬರುವವರು, ಮನೆಯಲ್ಲಿ ಮದುವೆ ಬಂದಾಗ ನನ್ನನ್ನೇ ಕರೆಯುವವರು. ಹಾಗಾದರೆ ಮಣಿಪಾಲಕ್ಕೆ ಇನ್ನೊಂದು ಪಿನ್ ಹಾಕಿ ಅದನ್ನು ಹೊರಗಿಡುವುದಾ? ಹಾಗೂ ಮಾಡಬಹುದು, ಆ ಸೌಕರ್ಯ ಅದರಲ್ಲೇ ಇದೆ. ಆದರೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ಕೆಲಸ ಮಾಡುವ ಹೆಂಗಸರೂ ಮಣಿಪಾಲದಲ್ಲೇ ಇರುವವರು. ಅವರನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಕೊನೆಗೆ ಜಾಗವನ್ನು ಕತ್ತರಿಸದೆ ವಯಸ್ಸನ್ನು ಕತ್ತರಿಸಿದೆವು: 26ರಿಂದ 50. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅದರಲ್ಲೇ ಹೊರಗುಳಿದರು.

ಇಲ್ಲಿ ಎಡವುವ ಜಾಗ ಒಂದಿದೆ. Advantage+ audience ಅನ್ನುವುದು ಮೊದಲೇ ಆನ್ ಆಗಿರುತ್ತದೆ. ಅದರಲ್ಲಿ 'ಹೆಂಗಸರು, 26–50' ಅಂತ ತುಂಬಿದರೆ ಅದು ಬರೀ ಸಲಹೆ ಅಂತ ಲೆಕ್ಕ. ಹೊರಗಿನವರಿಂದ ಹೆಚ್ಚು ಮೆಸೇಜ್ ಸಿಗುತ್ತದೆ ಅಂತ ಕಂಡರೆ ಅವರಿಗೂ ತೋರಿಸುತ್ತದೆ. ದೊಡ್ಡ ಅಂಗಡಿಗಳಿಗೆ ಅದು ಒಳ್ಳೆಯದಿರಬಹುದು. ರಾತ್ರಿ ಹನ್ನೊಂದರ ಮೆಸೇಜ್ ನೋಡಿದ ನನಗೆ ಸಲಹೆ ಸಾಲದು, ಬೇಲಿಯೇ ಬೇಕಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿದ್ದ Switch to original audience options ಒತ್ತಿ, ಅಲ್ಲಿ ಹೆಂಗಸರು ಅಂತ ಆರಿಸಿದೆವು. ಹಾಕಿದ ಮಿತಿ ಮಿತಿಯಾಗಿಯೇ ಉಳಿಯಿತು.

ಆಮೇಲೆ ಅವನು ಆಸಕ್ತಿಯ ಪಟ್ಟಿಯಲ್ಲಿ Beauty salons, Hair care ಅಂತ ಸೇರಿಸಿದ. ಪಕ್ಕದಲ್ಲಿ ಇಪ್ಪತ್ತು ಸಾವಿರದ ಆಸುಪಾಸು ತೋರಿಸುತ್ತಿದ್ದ ಜನಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ನಾನು ತೆಗೆಸಿದೆ. ಯೋಚಿಸಿ ನೋಡಿ, ದಿನಾ ಪಾರ್ಲರ್ ವಿಡಿಯೋ ನೋಡುವವರು ಯಾರು? ನನ್ನಂಥ ಪಾರ್ಲರಿನವರು, ಕೆಲಸ ಕಲಿಯುತ್ತಿರುವ ಹುಡುಗಿಯರು, ಸಾಮಾನು ಮಾರುವವರು. ಮೊದಲ ಸಲದ ಆ 9 ಮೆಸೇಜ್ ನೆನಪಾಯಿತು. ಕುಂಜಿಬೆಟ್ಟಿನ ಟೀಚರೊಬ್ಬರು ವರ್ಷಕ್ಕೆ ನಾಲ್ಕು ಸಲ ಹೇರ್ ಸ್ಪಾ ಮಾಡಿಸಿದರೂ ಫೋನಿನಲ್ಲಿ ನೋಡುವುದು ಅಡುಗೆಯನ್ನೋ ಯಕ್ಷಗಾನವನ್ನೋ. ಐದು ಕಿಲೋಮೀಟರಿನೊಳಗೆ ಜನ ಇರುವುದೇ ಇಷ್ಟು, ಅದರಲ್ಲಿ ಮತ್ತೆ ಸೋಸುವುದು ಬೇಡ ಅನ್ನಿಸಿತು. ಭಾಷೆಯ ಜಾಗವನ್ನೂ ಖಾಲಿ ಬಿಟ್ಟೆವು. ಮನೆಯಲ್ಲಿ ತುಳುವೋ ಕೊಂಕಣಿಯೋ ಕನ್ನಡವೋ ಮಾತಾಡುವವರೂ ಫೋನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿರುತ್ತಾರೆ.

ಜಾಹೀರಾತು ಮಾತ್ರ ಕನ್ನಡದಲ್ಲೇ ಬರೆದೆ. ಫೋಟೋ ನನ್ನದೇ ಗಿರಾಕಿಯ ಕೂದಲಿನದು, ಕೇಳಿಯೇ ಹಾಕಿದ್ದು, ಮುಖ ಇಲ್ಲ. ಮಳೆಗಾಲದ ತೇವಕ್ಕೆ ಸಿಕ್ಕುಗಟ್ಟಿದ ಕೂದಲಿಗೆ ಹೇರ್ ಸ್ಪಾ, 900 ರೂಪಾಯಿ, ಸೋಮವಾರದಿಂದ ಗುರುವಾರ, ಕುಂಜಿಬೆಟ್ಟು, ಹೆಂಗಸರಿಗೆ ಮಾತ್ರ. ಬೆಲೆ ಹಾಕಿದರೆ ಮೆಸೇಜ್ ಕಡಿಮೆ ಆಗುತ್ತದೆ ಅಂದ. ಆಗಲಿ ಅಂದೆ. ರೇಟ್ ಕೇಳಿ ಸುಮ್ಮನಾಗುವವರಿಗೆ ಉತ್ತರ ಬರೆದೇ ನನ್ನ ಕೈ ಸೋತಿತ್ತು.

ಸೋಣ ತಿಂಗಳು ಶುರುವಾಗಿ, ಅಷ್ಟಮಿ, ಚೌತಿ ಹತ್ತಿರ ಬರುವ ಹೊತ್ತಿಗೆ ಬಿಟ್ಟೆವು. ಹಾಗಾಗಿ ಎರಡನೆಯ ಸಲ ಚೆನ್ನಾಗಿ ಆದದ್ದರಲ್ಲಿ ಸ್ವಲ್ಪ ಪಾಲು ಕಾಲದ್ದೂ ಹೌದು. ಎಲ್ಲವೂ ನಮ್ಮ ಜಾಣತನ ಅಂತ ಹೇಳಿದರೆ ಸುಳ್ಳಾಗುತ್ತದೆ.

ಮೊದಲ ದಿನ ಎರಡು ಮೆಸೇಜ್. ಎರಡನೆಯ ದಿನ ಒಂದೂ ಇಲ್ಲ. ಹಿಂದಿನ ಸಲ ನಾನು ದಿನಾ ಸಂಜೆ ಏನಾದರೂ ಬದಲಾಯಿಸುತ್ತಿದ್ದೆ. ಈ ಸಲ ಅವನು ಖಂಡಿತ ಮುಟ್ಟಬೇಡಿ ಅಂದಿದ್ದ. ಹೊಸ ಜಾಹೀರಾತು ಮೊದಲು ಯಾರಿಗೆ ತೋರಿಸಿದರೆ ಫಲ ಸಿಗುತ್ತದೆ ಅಂತ ಕಲಿಯುತ್ತಾ ಇರುತ್ತದೆ. ಜನರನ್ನೋ ಫೋಟೋವನ್ನೋ ಬದಲಾಯಿಸಿದರೆ, ಬಜೆಟನ್ನು ಒಮ್ಮೆಲೇ ತುಂಬಾ ಏರಿಸಿದರೆ, ಆ ಕಲಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮೂರನೆಯ ದಿನ ಏಳು ಮೆಸೇಜ್ ಬಂತು.

ವಾರದ ಕೊನೆಗೆ ಪರದೆಯ ಮೇಲೆ Learning limited ಅಂತ ಬಂತು. ನನಗೆ ಎದೆ ಧಸಕ್ಕೆಂದಿತು, ಏನೋ ಕೆಟ್ಟಿತು ಅಂತ. ಕೆಟ್ಟದ್ದೇನಿಲ್ಲ. ಕಲಿಕೆ ಪೂರ್ತಿಯಾಗಲು ವಾರಕ್ಕೆ ಸುಮಾರು 50 ಫಲ, ಅಂದರೆ ನಮ್ಮ ಲೆಕ್ಕದಲ್ಲಿ 50 ಮೆಸೇಜ್ ಬೇಕು. ನಮಗೆ ಮೊದಲ ವಾರ ಬಂದದ್ದು 24. ಐವತ್ತು ಬೇಕಾದರೆ ಬಜೆಟ್ ಎರಡು ಪಟ್ಟು ದಾಟಬೇಕು, ಅಷ್ಟು ಜನ ಬಂದರೆ ಕೂರಿಸಲು ನನ್ನಲ್ಲಿ ಕುರ್ಚಿಯೇ ಇಲ್ಲ. ನಮ್ಮಂಥ ಸಣ್ಣ ಅಂಗಡಿ ಆ ಗೆರೆಯ ಕೆಳಗೇ ನಡೆಯಬೇಕು. ಅದಕ್ಕೇ 250 ರೂಪಾಯಿಯನ್ನು ಮಣಿಪಾಲಕ್ಕೊಂದು, ಉಡುಪಿಗೊಂದು, ವಯಸ್ಸಾದವರಿಗೊಂದು ಅಂತ ಮೂರು ಗುಂಪಿಗೆ ಹರಿದು ಹಂಚಲಿಲ್ಲ. ಇದ್ದ ಸ್ವಲ್ಪ ಕಲಿಕೆಯೂ ಮೂರು ಪಾಲಾಗುತ್ತಿತ್ತು.

ಒಂದು ದಿನ ಖರ್ಚು 340 ತೋರಿಸಿತು. ಹೇಳಿದ್ದು 250 ಅಲ್ವಾ ಅಂತ ಫೋನ್ ಮಾಡಿ ಬೈದೆ. ದಿನದ ಬಜೆಟ್ ಅಂದರೆ ಸರಾಸರಿ ಅಂತೆ. ಒಂದು ದಿನ ಜಾಸ್ತಿ, ಇನ್ನೊಂದು ದಿನ ಕಮ್ಮಿ ಹೋಗುತ್ತದೆ, ಒಟ್ಟು ವಾರಕ್ಕೆ ಏಳು ಪಟ್ಟು ಮೀರುವುದಿಲ್ಲ. ಶನಿವಾರ ಲೆಕ್ಕ ನೋಡಿದೆ, ಮೀರಿರಲಿಲ್ಲ.

ದೂರದವರು ಈ ಸಲವೂ ಪೂರ್ತಿ ತಪ್ಪಲಿಲ್ಲ. ವೃತ್ತದೊಳಗೆ ವಾಸ ಇರುವವರ ಜೊತೆ, ಇತ್ತೀಚೆಗೆ ಅಲ್ಲಿಗೆ ಬಂದು ಹೋದವರೂ ಲೆಕ್ಕಕ್ಕೆ ಸೇರುತ್ತಾರೆ. ಉಡುಪಿಯಂಥ ಊರಲ್ಲಿ ಇದು ಸಣ್ಣ ವಿಷಯವಲ್ಲ, ಮಠಕ್ಕೆ ಬಂದವರು, ಮಲ್ಪೆ ಬೀಚಿಗೆ ಹೋಗುವವರು ಎಲ್ಲರ ಫೋನೂ ಇಲ್ಲೇ ಓಡಾಡುತ್ತದೆ. ಹುಬ್ಬಳ್ಳಿಯ ಒಬ್ಬರು ಕೃಷ್ಣನ ದರ್ಶನ ಮುಗಿಸಿ ಊರಿಗೆ ಹೋದ ಮೇಲೆ ಮೆಸೇಜ್ ಮಾಡಿದ್ದರು. ಅದಕ್ಕೇ ವಾಟ್ಸಾಪ್ ಬಿಸಿನೆಸ್ಸಿನಲ್ಲಿ ತಾನಾಗಿ ಹೋಗುವ ಮೊದಲ ಉತ್ತರಕ್ಕೆ ಎರಡೇ ಪ್ರಶ್ನೆ ಹಾಕಿದೆ: ನಿಮ್ಮ ಮನೆ ಎಲ್ಲಿ? ಯಾವ ದಿನ ಬರ್ತೀರಿ? ಅಷ್ಟರಲ್ಲೇ ಜೊಳ್ಳು ಹಾರಿ ಹೋಗುತ್ತದೆ. ಹಾಗಂತ ದೂರದವರೆಲ್ಲ ಜೊಳ್ಳಲ್ಲ. ಕಾಪುವಿನ ಇಬ್ಬರು ದಿನಾ ಉಡುಪಿಗೆ ಕೆಲಸಕ್ಕೆ ಬರುವವರು. ಸಂಜೆ ಐದೂವರೆಗೆ ಬಂದು ಕೂತು, ಏಳರ ಬಸ್ಸಿಗೆ ಹೊರಟರು.

ಎಂಟರಿಂದ ಹತ್ತನೆಯ ದಿನದವರೆಗೆ ಇನ್ನೂ 9 ಮೆಸೇಜ್ ಬಂತು. ಆಮೇಲೆ ಇದ್ದಕ್ಕಿದ್ದ ಹಾಗೆ ಬತ್ತಿತು. ಕೊನೆಯ ನಾಲ್ಕು ದಿನದಲ್ಲಿ 1000 ರೂಪಾಯಿ ಖರ್ಚಾಗಿ ಬಂದದ್ದು ಐದು. ಒಂದಕ್ಕೆ 200! ಫೋಟೋ ಹಾಳಾ, ಬೆಲೆ ಜಾಸ್ತಿಯಾ ಅಂತ ತಲೆ ಕೆಡಿಸಿಕೊಂಡೆ. ಅವನು Frequency ಅನ್ನುವ ಅಂಕಿ ತೋರಿಸಿದ. ಅದು 3.1 ಆಗಿತ್ತು. ಸುಮಾರು ಹನ್ನೆರಡೂವರೆ ಸಾವಿರ ಹೆಂಗಸರು ನೋಡಿದ್ದರು, ಒಬ್ಬೊಬ್ಬರು ಸರಾಸರಿ ಮೂರು ಸಲ. ಬರುವವರು ಬಂದಾಗಿತ್ತು, ಉಳಿದವರು ಅದೇ ಕೂದಲನ್ನು ನೋಡಿ ನೋಡಿ ಮೇಲೆ ತಳ್ಳುತ್ತಿದ್ದರು. ಸಣ್ಣ ವೃತ್ತದ ಖಾಯಿಲೆ ಇದು, ದೊಡ್ಡ ಪಟ್ಟಣದಲ್ಲಿ ಇಷ್ಟು ಬೇಗ ಬರುವುದಿಲ್ಲ. ಇನ್ನೊಂದು ವಾರ ಮುಂದುವರಿಸುವ ಯೋಚನೆ ಇತ್ತು, ಬಿಟ್ಟೆ. ಹತ್ತನೆಯ ದಿನಕ್ಕೇ ನಿಲ್ಲಿಸಿದ್ದರೆ ಆ ಸಾವಿರ ರೂಪಾಯಿ ಉಳಿಯುತ್ತಿತ್ತು.

ಲೆಕ್ಕ ಹೀಗಿದೆ. ಹದಿನಾಲ್ಕು ದಿನಕ್ಕೆ 3500, ಜಿಎಸ್‌ಟಿ ಸೇರಿ 4130. ಮೆಸೇಜ್ 38. ದಿನ ಗೊತ್ತು ಮಾಡಿದವರು 11, ಬಂದವರು ಎಂಟು. ಒಬ್ಬರಿಗೆ 516 ರೂಪಾಯಿ ಬಿತ್ತು. 650ರಲ್ಲಿ ಅದನ್ನು ಕಳೆದರೆ ಒಂದು ಹೇರ್ ಸ್ಪಾದಿಂದ ನನಗೆ ಉಳಿದದ್ದು 134. ಹುಡುಗಿಯ ಸಂಬಳ, ಬಾಡಿಗೆ, ಕರೆಂಟ್ ಅದರಲ್ಲೇ ನೋಡಿದರೆ ಏನೂ ಇಲ್ಲ. ಆದರೆ ಆ ಎಂಟರಲ್ಲಿ ಮೂವರು ತಿಂಗಳೊಳಗೆ ಮತ್ತೆ ಬಂದರು, ಒಬ್ಬರು ತಂಗಿಯ ಮದುವೆಗೆ ನವೆಂಬರಿನ ದಿನ ಕೊಟ್ಟು ಅಡ್ವಾನ್ಸ್ ಇಟ್ಟು ಹೋದರು. ಆ ಒಂದು ಮದುವೆಯಲ್ಲಿ ಎರಡೂ ಸಲದ ಖರ್ಚು ಹುಟ್ಟುತ್ತದೆ. ಅದು ನನ್ನ ಪುಣ್ಯ, ಪ್ರತಿ ಸಲ ಹಾಗಾಗುತ್ತದೆ ಅಂತ ಬಜೆಟಿಗೆ ಸೇರಿಸಿಕೊಳ್ಳುವ ಧೈರ್ಯ ನನಗಿಲ್ಲ.

ಬಂದವರನ್ನೆಲ್ಲ ಎಲ್ಲಿಂದ ಅಂತ ಕೇಳಿ ಬರೆದಿಟ್ಟಿದ್ದೆ. ಒಬ್ಬರ ಮನೆ ನಮ್ಮ ಹಿಂದಿನ ರಸ್ತೆ. "ದಿನಾ ಬಸ್ಸಲ್ಲಿ ನಿಮ್ಮ ಬೋರ್ಡ್ ದಾಟಿಯೇ ಹೋಗುವುದು, ಕಾಣಲೇ ಇಲ್ಲ ನೋಡಿ. ಫೋನಲ್ಲಿ ಕಂಡಿತು," ಅಂದರು. ಇನ್ನೂ ಮೂವರು ಎರಡು ಕಿಲೋಮೀಟರಿನೊಳಗಿನವರು.

ದೀಪಾವಳಿಗೆ ಇನ್ನೊಂದು ಸಲ ಬಿಡಬೇಕು ಅಂತ ಇದ್ದೇವೆ. ಬ್ರಹ್ಮಾವರ ಸೇರುವ ಹಾಗೆ ವೃತ್ತ ದೊಡ್ಡದು ಮಾಡುವ ಅಂತ ಅವನು ಹೇಳುತ್ತಾನೆ. ನಾನು ಮೂರು ಕಿಲೋಮೀಟರಿಗೆ ಇಳಿಸಿ, ದಿನಕ್ಕೆ 200 ರೂಪಾಯಿ, ಹತ್ತೇ ದಿನ, ಹೊಸ ಫೋಟೋ ಅಂತ ಕೂತಿದ್ದೇನೆ. ಅವನು ಭಾನುವಾರ ಊಟಕ್ಕೆ ಬರುತ್ತಾನೆ, ನೋಡಬೇಕು.